ಚಿನ್ನದ ರೇಕಿನ ಚಿತ್ರಕ್ಕೆ ಬರಿಯ ದೀಪವೇ, ಪೋಲರೈಸರ್ ಬೇಕೇ?

ಫೋಟೊ ತೆಗೆಯಬೇಕಾದದ್ದು ವಾರ್ನಿಷ್ ಹಚ್ಚಿದ ತೈಲಚಿತ್ರವಾದರೆ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಪೋಲರೈಸರ್ ಆರಿಸಿ. ಎರಡೂ ದೀಪಗಳಿಗೆ ಒಂದೇ ದಿಕ್ಕಿನ ಪೋಲರೈಸರ್ ಹಾಳೆ ಹಾಕಿ, ಲೆನ್ಸಿನ ಫಿಲ್ಟರನ್ನು ಅದಕ್ಕೆ ಅಡ್ಡವಾಗಿ ತಿರುಗಿಸಿದರೆ ಹೊಳಪು ಅಳಿದು ಕಪ್ಪು ಗಾಢವಾಗುತ್ತದೆ. ಎಕ್ಸ್‌ಪೋಷರ್ ಮಾತ್ರ ಹಲವು ಪಟ್ಟು ಹೆಚ್ಚು ಬೇಕು.

ಚಿನ್ನದ ರೇಕಿರುವ ಮೈಸೂರು ಶೈಲಿಯ ಚಿತ್ರಕ್ಕೆ ಇದೇ ವಿಧಾನ ಕೆಡುಕು. ಲೋಹದಿಂದ ಮರಳುವ ಬೆಳಕು ಧ್ರುವೀಕೃತವಾಗಿಯೇ, ಅಂದರೆ ಅದೇ ದಿಕ್ಕಿನಲ್ಲಿ ಕಂಪಿಸುತ್ತಲೇ, ಉಳಿಯುವುದರಿಂದ ಫಿಲ್ಟರ್ ಅದನ್ನೂ ತಡೆಯುತ್ತದೆ. ದೇವಿಯ ಕಿರೀಟ ಮಸಿ ಹಿಡಿದ ಹಿತ್ತಾಳೆಯಂತಾಗುತ್ತದೆ. ಅಲ್ಲಿ ಇಕ್ಕೆಲಗಳಲ್ಲಿ 45 ಡಿಗ್ರಿಗೆ ಇಟ್ಟ ಬರಿಯ ದೀಪಗಳೇ ಮೇಲು. ಬಣ್ಣದ ಭಾಗದಲ್ಲಿ ಹೊಳಪು ಉಳಿದರೆ ದೀಪಗಳನ್ನು ಇನ್ನಷ್ಟು ಪಕ್ಕಕ್ಕೆ ಸರಿಸಿ. ಆಮೇಲೆ ಬೂದು ರಟ್ಟನ್ನು ನಾಲ್ಕು ಮೂಲೆಗಳಲ್ಲೂ ನಡುವೆಯೂ ಹಿಡಿದು ಬೆಳಕು ಸಮವಾಗಿದೆಯೇ ಅಳೆಯಿರಿ.

ಪೋಲರೈಸರ್ ಹಾಳೆ ಬಣ್ಣವನ್ನು ತುಸು ವಾಲಿಸುತ್ತದೆ. ಆದ್ದರಿಂದ 24 ಚೌಕಗಳ ಬಣ್ಣದ ಪಟ್ಟಿಯ ಫೋಟೊವನ್ನು ಪ್ರತಿ ವಿಧಾನದಲ್ಲೂ ಹೊಸದಾಗಿ ತೆಗೆಯಿರಿ.