ಅಲಾಯ್ ವೀಲಿನ ಎದುರಿನ ಫೋಟೋ ನೋಡಿ "ಇದೇ ಸೈಜ್, ಹಾಕ್ಬಹುದು" ಅಂತ ಹೇಳುವವರನ್ನು ನಂಬ್ಬೇಡಿ

ಕುಂಬಳೆ, ಉಪ್ಪಳ, ಬದಿಯಡ್ಕ ಕಡೆ ಸೆಕೆಂಡ್ ಹ್ಯಾಂಡ್ ಅಲಾಯ್ ಹುಡುಕ್ತಾ ಇರುವವರು ಇದನ್ನು ಪೂರ್ತಿ ಓದಿ ಮಾರಾಯ್ರೆ. ಎನ್‌ಎಚ್ 66ರ ಕೆಲಸ ಶುರುವಾದ ಮೇಲೆ ಸರ್ವಿಸ್ ರೋಡಿನ ಹೊಂಡಕ್ಕೆ ಬಿದ್ದು ರಿಮ್ ಒಡೆದುಕೊಂಡವರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ, ಮತ್ತೆ ಎಲ್ಲರೂ ಮಾಡುವುದು ಒಂದೇ, ಉಳಿದ ವೀಲಿನ ಒಂದು ಫೋಟೋ ತೆಗೆದು ವಾಟ್ಸಾಪಲ್ಲಿ ಹಾಕುವುದು, "ಇದೇ ಡಿಸೈನ್ ಒಂದು ಪೀಸ್ ಸಿಗ್ತದಾ" ಅಂತ ಕೇಳುವುದು.

ನಮ್ಮದು ಸ್ವಿಫ್ಟ್. ಅದರಲ್ಲಿ ಇದ್ದದ್ದು ಕಂಪೆನಿ ಅಲಾಯ್ ಅಲ್ಲ, ಮೊದಲಿನ ಓನರ್ ಹೊರಗಿಂದ ಹಾಕಿಸಿದ್ದು, 15 ಇಂಚು, ಹತ್ತು ಕಡ್ಡಿಯ ಡಿಸೈನ್, ಎದುರುಗಡೆ ಎಲ್ಲಿಯೂ ಹೆಸರಿಲ್ಲ. ಮುಂದಿನ ಎಡಗಡೆಯದ್ದು ಒಡೆಯಿತು. ಕೋಝಿಕೋಡ್ ಕಡೆಯ ಒಬ್ಬ ಹಳೇ ಅಲಾಯ್ ವ್ಯಾಪಾರಿಗೆ ಫೋಟೋ ಹೋಯ್ತು, ನಾನು ಸೈಜ್, ಪಿಸಿಡಿ ಅಂದ್ರೆ ನಟ್ಟಿನ ತೂತುಗಳ ವೃತ್ತದ ಅಳತೆ, ಆಫ್‌ಸೆಟ್ ಅಂದ್ರೆ ವೀಲ್ ಎಷ್ಟು ಒಳಗೆ ಅಥವಾ ಹೊರಗೆ ಕೂರ್ತದೆ ಅನ್ನುವ ಅಳತೆ, ಮೂರೂ ಒಂದೇ ಇರ್ಬೇಕು ಅಂತ ಬರೆದೇ ಕೇಳಿದ್ದೆ, ಆ ಕಡೆಯಿಂದ "ಫೋಟೋದಲ್ಲೇ ಅಳತೆ ನೋಡಿದೆ, 4×100, ಸೇಮ್ ಟು ಸೇಮ್" ಅಂತ ವಾಯ್ಸ್ ಬಂತು. ವೀಲ್ ಬಂತು, ನೋಡ್ಲಿಕ್ಕೆ ಒಂದು ಗೆರೆಯೂ ವ್ಯತ್ಯಾಸ ಇಲ್ಲ. ಟಯರಿನವರು ಟಯರ್ ಹಾಕಿ, ಗನ್ ಹಿಡಿದು ನಾಲ್ಕೂ ನಟ್ ಬಿಗಿ ಮಾಡಿ ಕಳಿಸಿದ್ರು.

ಅರುವತ್ತು ದಾಟಿದ ಕೂಡ್ಲೆ ಸ್ಟೇರಿಂಗ್ ನಡುಗ್ಲಿಕ್ಕೆ ಶುರು. ಬ್ಯಾಲೆನ್ಸಿಂಗ್ ಮಾಡಿಸಿದ್ರೆ ಮೆಷಿನಲ್ಲಿ ಎರಡೂ ಬದಿ ಸೊನ್ನೆ ತೋರಿಸ್ತದೆ. ಇಲ್ಲಿ ಒಂದು ವಿಷಯ ಗೊತ್ತಿರ್ಬೇಕು, ಬ್ಯಾಲೆನ್ಸಿಂಗ್ ಮೆಷಿನ್ ವೀಲನ್ನು ಹಿಡಿಯುವುದು ನಡುವಿನ ದೊಡ್ಡ ತೂತಿನಿಂದ, ನಟ್ಟಿನ ತೂತು ಎಲ್ಲಿ ಉಂಟು ಅಂತ ಅದಕ್ಕೆ ಬೇಕೇ ಇಲ್ಲ. ಹಾಗಾಗಿ ಪಿಸಿಡಿ ತಪ್ಪಿದ ವೀಲ್ ಮೆಷಿನಲ್ಲಿ ಪಾಸ್ ಆಗ್ತದೆ, ಕಾರಿನಲ್ಲಿ ಮಾತ್ರ ನಡುಗ್ತದೆ. ಮತ್ತೆ ಕೆಲವು ದಿನ ಕಳೆದು ಚೆರ್ಕಳದ ಹತ್ತಿರ ನಿಧಾನಕ್ಕೆ ತಿರುಗಿಸುವಾಗ ಟಕ್ ಟಕ್ ಸದ್ದು, ಸೈಡಿಗೆ ಹಾಕಿ ನೋಡಿದ್ರೆ ಒಂದು ನಟ್ ಕೈಯಲ್ಲೇ ತಿರುಗ್ತದೆ. ಹಿಂದಿನ ಸೀಟಲ್ಲಿ ಅಮ್ಮ, ಅಕ್ಕನ ಸಣ್ಣ ಮಗು ಇದ್ರು. ಅದನ್ನು ನೆನೆಸಿದ್ರೆ ಈಗಲೂ ಕೈ ತಣ್ಣಗಾಗ್ತದೆ.

ಸೀತಾಂಗೋಳಿಯಲ್ಲಿ ಅಲೈನ್‌ಮೆಂಟ್ ಮಾಡುವ ಒಬ್ಬರು ಅಣ್ಣ ವೀಲ್ ಬಿಚ್ಚಿಸಿ ಮೊದಲು ನೋಡಿದ್ದೇ ನಟ್ ಕೂರುವ ಜಾಗ. ಅಲಾಯಿನ ನಟ್ಟಿಗೆ ತುದಿ ಚೂಪು ಇರ್ತದಲ್ಲ, ಅದು ಕೂರ್ಲಿಕ್ಕೆ ತೂತಿನ ಬಾಯಲ್ಲಿ ಇಳಿಜಾರು ಸೀಟ್ ಉಂಟು. ಸರಿ ಇದ್ದರೆ ಆ ಸೀಟಲ್ಲಿ ಸುತ್ತಲೂ ಸಮ ಉಜ್ಜಿದ ಗುರುತು ಇರ್ಬೇಕು. ನಮ್ಮದರಲ್ಲಿ ಒಂದರಲ್ಲಿ ಪೂರ್ತಿ ವೃತ್ತ, ಅದರ ಎದುರಿನ ತೂತಲ್ಲಿ ಒಂದೇ ಬದಿಗೆ ಅರ್ಧಚಂದ್ರದ ಹಾಗೆ ಹೊಳಪು. "ಇದು ನೂರು ಅಲ್ಲ ಮಾರಾಯ, ತೊಂಬತ್ತೆಂಟು" ಅಂದ್ರು, ವರ್ನಿಯರ್ ಇಟ್ಟು ಅಳೆದ್ರು, ಹೌದು, 98.

4×98 ಅಂದ್ರೆ ಫಿಯಾಟ್ ಅಳತೆ, ಪುಂಟೋ, ಲೀನಿಯಾ ಎಲ್ಲ ಅದೇ. ಸ್ವಿಫ್ಟ್, ಐ20, ಇಟಿಯೋಸ್ 4×100. ಪಿಸಿಡಿ ಅಂದ್ರೆ ನಾಲ್ಕು ತೂತಿನ ನಡುವಿನ ಬಿಂದುಗಳ ಮೇಲೆ ಹೋಗುವ ವೃತ್ತದ ವ್ಯಾಸ, ಇಲ್ಲಿ ವ್ಯತ್ಯಾಸ ಎರಡು ಎಂಎಂ ಮಾತ್ರ. ನಟ್ ಹಾಕುವ ಬೋಲ್ಟ್, ಅಂದ್ರೆ ಸ್ಟಡ್ 12 ಎಂಎಂ, ಅಲಾಯಿನ ತೂತು ಅದಕ್ಕಿಂತ ಒಂದೆರಡು ಎಂಎಂ ದೊಡ್ಡದು, ಹಾಗಾಗಿ ವೀಲ್ ಒಳಗೆ ಹೋಗ್ತದೆ, ಗನ್ ಇದ್ದರೆ ನಟ್ಟೂ ಬಿಗಿ ಆದ ಹಾಗೆ ಕಾಣ್ತದೆ. ಆದರೆ ಆಗುವುದು ಎಂತ ಅಂದ್ರೆ, ಮೊದಲು ಬಿಗಿ ಮಾಡಿದ ನಟ್ ತನ್ನ ತೂತನ್ನು ಸ್ಟಡ್ಡಿನ ನಡುವಿಗೆ ಎಳೆದುಕೊಳ್ತದೆ, ವೀಲ್ ಒಂದು ಎಂಎಂ ಸರಿಯುತ್ತದೆ, ಪೂರ್ತಿ ಎರಡು ಎಂಎಂ ತಪ್ಪು ಎದುರಿನ ನಟ್ಟಿನ ಮೇಲೆ ಬೀಳ್ತದೆ. ಅದು ಸೀಟಲ್ಲಿ ಕೂರುವುದಿಲ್ಲ, ಒಂದು ಅಂಚಿಗೆ ಒರಗಿ ಸ್ಟಡ್ಡನ್ನು ಬಗ್ಗಿಸ್ತದೆ, ಓಡುವಾಗ ಆ ಅಂಚು ಸವೆದು ನಟ್ ಸಡಿಲ.

ಇದನ್ನು ಎದುರಿನ ಫೋಟೋದಲ್ಲಿ ಅಳೆದು ಹೇಳ್ಲಿಕ್ಕೆ ಯಾಕೆ ಆಗುವುದಿಲ್ಲ ಅಂತ ಸ್ವಲ್ಪ ವಿವರಿಸ್ತೇನೆ, ಯಾಕಂದ್ರೆ ಅಳೆದೆ ಅಂತ ಹೇಳುವವರು ತುಂಬ ಜನ ಇದ್ದಾರೆ. ಅವರು ಮಾಡುವುದು, ರಿಮ್ 15 ಇಂಚು ಅಂತ ಇಟ್ಟುಕೊಂಡು ಫೋಟೋದಲ್ಲಿ ಅದರ ಅಗಲಕ್ಕೂ ತೂತುಗಳ ನಡುವಿನ ದೂರಕ್ಕೂ ಲೆಕ್ಕ ಹಾಕುವುದು. ಮೊದಲನೆಯ ತಪ್ಪು ಅಲ್ಲೇ, 15 ಇಂಚು ಅಂದ್ರೆ ಟಯರ್ ಕೂರುವ ಜಾಗದ ವ್ಯಾಸ, ಸುಮಾರು 380 ಎಂಎಂ, ಫೋಟೋದಲ್ಲಿ ಕಾಣುವುದು ಅದರ ಹೊರಗಿನ ಅಂಚು, ಅದು 410ರ ಮೇಲೆ ಬರ್ತದೆ. ಅದನ್ನು ಸರಿ ಮಾಡಿಕೊಂಡ್ರೂ ನಟ್ಟಿನ ತೂತು ಇರುವುದು ರಿಮ್ಮಿನ ಅಂಚಿಗಿಂತ ಮೂರ್ನಾಲ್ಕು ಸೆಂಟಿಮೀಟರ್ ಒಳಗೆ. ಒಂದು ಮೀಟರ್ ದೂರದಿಂದ ಫೋಟೋ ತೆಗೆದ್ರೆ ಒಳಗಿರುವ ಭಾಗ ಅಷ್ಟೇ ಶೇಕಡಾ ಸಣ್ಣದಾಗಿ ಕಾಣ್ತದೆ, ಅಂದ್ರೆ ನೂರು ಎಂಎಂ ಇದ್ದದ್ದು 96-97 ಆಗಿ ಬೀಳ್ತದೆ. ಮತ್ತೆ ಫೋನ್ ಒಂದು ಹನ್ನೆರಡು ಡಿಗ್ರಿ ಓರೆ ಹಿಡಿದ್ರೆ ಒಂದು ದಿಕ್ಕಿನಲ್ಲಿ ಇನ್ನೂ ಶೇಕಡಾ ಎರಡು ಹೋಯ್ತು. ನಮಗೆ ಬೇಕಾದ ವ್ಯತ್ಯಾಸವೇ ಶೇಕಡಾ ಎರಡು. ಐದು ತೂತಿನವರಿಗೆ ಇನ್ನೂ ಕಷ್ಟ, 5×112 ಮತ್ತೆ 5×114.3ಕ್ಕೆ ಪಕ್ಕಪಕ್ಕದ ಎರಡು ತೂತುಗಳ ನಡುವೆ ಒಂದೂವರೆ ಎಂಎಂ ಕೂಡ ವ್ಯತ್ಯಾಸ ಇಲ್ಲ.

ಡಿಸೈನ್ ಒಂದೇ ಅಂದ ಮಾತ್ರಕ್ಕೆ ವೀಲ್ ಒಂದೇ ಅಂತ ಅಲ್ಲ ಅನ್ನುವುದೂ ಇದಕ್ಕೇ. ಹೊರಗಿನ ಅಲಾಯ್ ಮಾಡುವವರು ಒಂದೇ ಅಚ್ಚಲ್ಲಿ ಎರಕ ಹೊಯ್ದು ತೂತು ಆಮೇಲೆ ಕೊರೆಯುವುದು, ಯಾವ ಕಾರಿಗೆ ಬೇಕೋ ಆ ಅಳತೆಗೆ. ಆಫ್‌ಸೆಟ್ಟೂ ಹಾಗೆಯೇ, ಹಬ್ಬಿಗೆ, ಅಂದ್ರೆ ಕಾರಿನಲ್ಲಿ ವೀಲ್ ಕೂರುವ ಭಾಗಕ್ಕೆ ತಾಗುವ ಮುಖವನ್ನು ಎಷ್ಟು ಕೆತ್ತಿದ್ದಾರೆ ಅನ್ನುವುದರ ಮೇಲೆ ಬದಲಾಗ್ತದೆ, ಎದುರಿನಿಂದ ನೋಡಿದ್ರೆ ಗೊತ್ತೇ ಆಗುವುದಿಲ್ಲ.

ಹಾಗಾದ್ರೆ ಎಂತ ಕೇಳ್ಬೇಕು? ಹಿಂದುಗಡೆಯ ಫೋಟೋ. ವೀಲನ್ನು ಮಗುಚಿ ಹಾಕಿ, ಕಡ್ಡಿಗಳ ಹಿಂಬದಿ ಮತ್ತೆ ಹಬ್ಬಿಗೆ ತಾಗುವ ಮುಖ ಒರೆಸಿ, ಹತ್ತಿರದಿಂದ. ಅಲ್ಲಿ 15×6.5 ಅಂತ ಸೈಜ್ ಉಬ್ಬಿರ್ತದೆ, ಇಟಿ ಅಂತ ಬರೆದು ಪಕ್ಕದಲ್ಲಿ 35, 40 ಹೀಗೆ ನಂಬರ್ ಇದ್ದರೆ ಅದೇ ಆಫ್‌ಸೆಟ್. ಪಿಸಿಡಿ ಕೆಲವದರಲ್ಲಿ ಪಂಚ್ ಮಾಡಿರ್ತಾರೆ, ತುಂಬದರಲ್ಲಿ ಇರುವುದಿಲ್ಲ, ಕೊರೆಯುವುದು ಆಮೇಲೆ ಅಂತ ಹೇಳಿದೆನಲ್ಲ. ಅಂಥದ್ದಕ್ಕೆ ಸ್ಟೀಲ್ ಸ್ಕೇಲನ್ನು ಆ ಹಬ್ ಮುಖದ ಮೇಲೇ ಅಡ್ಡ ಇಟ್ಟು ಫೋಟೋ ತೆಗೆಸಿ, ಎದುರುಬದುರಿನ ಎರಡು ತೂತಿನ ಮೇಲೆ. ಸ್ಕೇಲೂ ತೂತೂ ಒಂದೇ ಮಟ್ಟದಲ್ಲಿ ಇರುವುದರಿಂದ ಮೊದಲು ಹೇಳಿದ ದೂರದ ತಪ್ಪು ಬರುವುದಿಲ್ಲ. ನಡು ಬಿಂದು ಅಂದಾಜು ಮಾಡ್ಲಿಕ್ಕೆ ಹೋಗ್ಬೇಡಿ, ಒಂದು ತೂತಿನ ಎಡ ಅಂಚಿನಿಂದ ಎದುರಿನ ತೂತಿನ ಎಡ ಅಂಚಿಗೆ ಓದಿ, ಅದೇ ಪಿಸಿಡಿ. ಐದು ತೂತು ಇದ್ದರೆ ಎದುರು ತೂತು ಇಲ್ಲ, ಪಕ್ಕದ ಎರಡಕ್ಕೆ ಹೀಗೆಯೇ ಅಳೆದು 1.701ರಿಂದ ಗುಣಿಸಿ.

ಆಫ್‌ಸೆಟ್ ನಂಬರ್ ಅಳಿಸಿ ಹೋಗಿದ್ದರೆ ಅದನ್ನೂ ಅಳೆಯಬಹುದು, ಟಯರ್ ಇಲ್ಲದ ರಿಮ್ ಬೇಕು ಅಷ್ಟೆ. ಮುಖ ಕೆಳಗೆ ಮಾಡಿ ಇಟ್ಟು ಹಿಂದಿನ ಅಂಚಿನ ಮೇಲೆ ಒಂದು ನೇರ ಪಟ್ಟಿ ಅಡ್ಡ ಇಡಿ, ಅಲ್ಲಿಂದ ಹಬ್ ಮುಖದವರೆಗೆ ಆಳ ಅಳೆಯಿರಿ. ನಮ್ಮ ಹಳೇ ವೀಲಲ್ಲಿ 135 ಎಂಎಂ ಬಂತು. ಆರೂವರೆ ಇಂಚಿನ ರಿಮ್ ಅಂದ್ರೆ ಅಂಚು ಎಲ್ಲ ಸೇರಿ ಸುಮಾರು ಏಳೂವರೆ ಇಂಚು, 190 ಎಂಎಂ, ಅದರ ಅರ್ಧ 95. 135ರಲ್ಲಿ 95 ಕಳೆದ್ರೆ 40. ಹಿಂದೆ ಬರೆದದ್ದೂ 40. ಹೊಸದಾಗಿ ಬಂದದ್ದರಲ್ಲಿ ಆಳ 130, ಅಂದ್ರೆ ಆಫ್‌ಸೆಟ್ 35, ಒಂದು ಬದಿಯ ವೀಲ್ ಮಾತ್ರ ಐದು ಎಂಎಂ ಹೊರಗೆ. ಅಂಚಿನ ದಪ್ಪ ಒಂದೊಂದರಲ್ಲಿ ಒಂದೊಂದು ಥರ, ಹಾಗಾಗಿ ಈ ಲೆಕ್ಕದಲ್ಲಿ ಎರಡು ಮೂರು ಎಂಎಂ ಆಚೀಚೆ ಆಗ್ತದೆ, ನಂಬರ್ ಓದ್ಲಿಕ್ಕೆ ಸಿಕ್ಕಿದ್ರೆ ಅದನ್ನೇ ನಂಬಿ.

ನಡುವಿನ ತೂತು ಕೂಡ ಕೇಳಿ. ಸ್ವಿಫ್ಟಿನ ಹಬ್ 54.1, ಹೊರಗಿನ ಅಲಾಯ್‌ಗಳಲ್ಲಿ ತೂತು ದೊಡ್ಡದು, ನಮ್ಮದರಲ್ಲಿ 73.1, ನಡುವೆ ಪ್ಲಾಸ್ಟಿಕ್ ರಿಂಗ್ ಬರ್ಬೇಕು. ಒಡೆದ ವೀಲಿನ ಜೊತೆ ರಿಂಗೂ ಒಡೆದಿತ್ತು, ಟಯರಿನವರು "ಅದೆಲ್ಲ ಬೇಡ" ಅಂತ ಹಾಗೆಯೇ ಹಾಕಿದ್ರು. ವೀಲ್ ಒಂದು ಬದಿಗೆ ಸರಿಯಲಿಕ್ಕೆ ಜಾಗ ಸಿಕ್ಕಿದ್ದು ಅಲ್ಲಿಯೇ.

ಮತ್ತೆ ಎಲ್ಲಕ್ಕಿಂತ ಮುಖ್ಯ, ಟಯರ್ ಹಾಕುವ ಮೊದಲು ಖಾಲಿ ರಿಮ್ಮನ್ನು ಹಬ್ಬಿಗೆ ಇಟ್ಟು ನೋಡಿ, ಗನ್ ಮುಟ್ಟಲಿಕ್ಕೆ ಬಿಡ್ಬೇಡಿ. ನಾಲ್ಕೂ ನಟ್ ಬೆರಳಲ್ಲೇ ಕೊನೆವರೆಗೆ ತಿರುಗಿ ಹೋಗಿ ಸೀಟಲ್ಲಿ ಸುತ್ತಲೂ ತಾಗ್ಬೇಕು. ಮೂರು ಸರಿ ಹೋಗಿ ನಾಲ್ಕನೆಯದು ಒಂದು ಬದಿಗೆ ಮಾತ್ರ ತಾಗಿ ಇನ್ನೊಂದು ಬದಿಯಲ್ಲಿ ಸಂದು ಕಂಡರೆ ಅಲ್ಲಿಗೇ ನಿಲ್ಲಿಸಿ. ನಮಗೆ ದುಡ್ಡು ವಾಪಸ್ ಬರಲಿಲ್ಲ, ಕಾರಣ ಹೇಳಿದ್ದು "ಟಯರ್ ಹಾಕಿದ ಗುರುತು ಉಂಟು, ಇನ್ನು ತಗೊಳ್ಳುವುದಿಲ್ಲ" ಅಂತ. ಖಾಲಿ ರಿಮ್ ಆಗಿದ್ದರೆ ಆ ಮಾತಿಗೆ ಜಾಗ ಇರ್ಲಿಲ್ಲ. ಸಾಧ್ಯ ಆದ್ರೆ ದುಡ್ಡು ಕೊಡುವ ಮೊದಲೇ "ಪಿಸಿಡಿ ತಪ್ಪಿದ್ರೆ ವಾಪಸ್" ಅಂತ ವಾಯ್ಸ್ ಅಲ್ಲ, ಬರಹದಲ್ಲಿ ತಗೊಳ್ಳಿ.

ಇಂಥ ವೀಲಲ್ಲಿ ಈಗಾಗಲೇ ಓಡಿಸ್ತಾ ಇರುವವರು ಬರೇ ವೀಲ್ ಬದಲಿಸಿ ಸುಮ್ಮನಾಗ್ಬೇಡಿ, ಆ ಬದಿಯ ಸ್ಟಡ್‌ಗಳನ್ನೂ ಬದಲಿಸಿ. ನಮ್ಮಲ್ಲಿ ಸಡಿಲ ಆದ ನಟ್ಟಿನ ಸ್ಟಡ್ ಬಗ್ಗಿದ್ದು ಕಣ್ಣಿಗೇ ಕಾಣ್ತಿತ್ತು, ಉಳಿದ ಮೂರು ಸರಿ ಇದ್ದ ಹಾಗೆ ಕಂಡ್ರೂ ಆ ಅಣ್ಣ ಒಪ್ಪಲಿಲ್ಲ, ನಾಲ್ಕೂ ತೆಗೆಸಿದ್ರು, ಅದು ಸರಿಯೇ.

ವೀಲ್ ಈಗ ನಮ್ಮ ಮನೆಯಲ್ಲೇ ಉಂಟು. ಪುಂಟೋ ಅಥವಾ ಲೀನಿಯಾ ಇರುವ ಯಾರಿಗಾದ್ರೂ ಬೇಕಿದ್ರೆ ಹೇಳಿ, 15×6.5, 4×98, ಆಫ್‌ಸೆಟ್ 35, ನಡು ತೂತು 73.1, ನಿಮ್ಮ ಹಬ್ಬಿಗೆ 58.1ರ ರಿಂಗ್ ಬೇಕಾಗ್ತದೆ, ಎರಡು ಸೀಟಲ್ಲಿ ಸವೆದ ಗುರುತು ಉಂಟು, ಅದನ್ನು ನೋಡಿ ಆಮೇಲೆ ತೀರ್ಮಾನ ಮಾಡಿ. ಸ್ಕೇಲ್ ಇಟ್ಟು ತೆಗೆದ ಹಿಂದುಗಡೆಯ ಫೋಟೋ ಕಳಿಸ್ತೇನೆ.