ಹಾಲೋ ಬ್ಲಾಕ್ ಗೋಡೆಗೆ ಕಮೋಡ್: ಕಾಂಕ್ರೀಟ್ ತುಂಬೋದಾ, ಫ್ರೇಮ್ ಹಾಕೋದಾ?

ನೆಲಕ್ಕೆ ತಾಗದೆ ಗೋಡೆಗೇ ತೂಗುವ ವಾಲ್ ಹಂಗ್ ಕಮೋಡ್ ಹಾಕಿಸಬೇಕಿತ್ತು, ಆದರೆ ನಮ್ಮ ಬಾತ್‌ರೂಮ್ ಗೋಡೆಗಳು 4 ಇಂಚಿನ ಹಾಲೋ ಬ್ಲಾಕ್‌ನವು. ಬ್ಲಾಕ್‌ನ ಮುಖ ಹೆಚ್ಚುಕಮ್ಮಿ ಒಂದಿಂಚು ದಪ್ಪ, ಅದರ ಹಿಂದೆ ಬರೀ ಪೊಳ್ಳು. ಸುಮ್ನೆ ತೂತು ಕೊರೆದು ಆಂಕರ್ ಬೋಲ್ಟ್ ಹಾಕಿದರೆ ಅದಕ್ಕೆ ಕಚ್ಚಿಕೊಳ್ಳಲು ಏನೂ ಸಿಗದು, ತಿರುಗಿಸಿದಷ್ಟೂ ತಿರುಗುತ್ತದೆ. ಅದಕ್ಕೇ ಕೆಳಗಿನ ಬಾತ್‌ರೂಮಿನಲ್ಲಿ ಒಂದು ದಾರಿ, ಮಹಡಿಯಲ್ಲಿ ಇನ್ನೊಂದು ಹಿಡಿದೆವು.

ಕೆಳಗೆ ಗೋಡೆಗೇ ಕಾಂಕ್ರೀಟ್ ತುಂಬಿಸಿದೆವು. ಟೈಲ್ಸ್‌ಗೆ ಮೊದಲೇ ನೆಲದಿಂದ ಒಂದೂವರೆ ಅಡಿ ಎತ್ತರ, ಎರಡಡಿ ಅಗಲಕ್ಕೆ ಬ್ಲಾಕ್‌ಗಳ ಮುಖ ಒಡೆದು, ಬೇಬಿ ಜಲ್ಲಿ ಕಾಂಕ್ರೀಟನ್ನು ಕಂಬಿಯಲ್ಲಿ ಕುತ್ತಿ ಕುತ್ತಿ ತುಂಬಬೇಕು. ಒಂದು ವಾರ ನೀರು ಹಾಕಿದ ಮೇಲೆ ಗೋಡೆಯ ಆಚೆ ಬದಿಗೂ ತಲುಪುವಂತೆ ಕೊರೆದು 12 ಎಂಎಂ ಥ್ರೆಡ್ ರಾಡ್ ತೂರಿಸಿ, ಆಚೆಯ ಪೈಪ್ ಡಕ್ಟ್ ಕಡೆ ಕಬ್ಬಿಣದ ಪ್ಲೇಟ್ ಇಟ್ಟು ನಟ್ ಬಿಗಿಯುವುದು. ಅಗ್ಗದ ಕೆಲಸ, ಜಾಗವೂ ಹೋಗಲ್ಲ. ಆದರೆ ಭಾರವೆಲ್ಲ ಆ ತೆಳ್ಳನೆ ಗೋಡೆಯ ಮೇಲೇ. ಡಕ್ಟ್ ಕಡೆ ಕೈ ಹೋಗದಿದ್ದರೆ ಈ ದಾರಿಯೇ ಇಲ್ಲ.

ಮಹಡಿಯಲ್ಲಿ ಕನ್ಸೀಲ್ಡ್ ಟ್ಯಾಂಕ್ ಇರುವ ಫುಲ್ ಫ್ರೇಮ್ ಹಾಕಿ, ಕಮೋಡನ್ನು ಅದಕ್ಕೇ ಬಿಗಿದೆವು. ಇದರ ಕಾಲುಗಳು ನೆಲಕ್ಕೆ ಕೂರುವುದರಿಂದ ಭಾರ ಸ್ಲ್ಯಾಬಿಗೆ ಇಳಿಯುತ್ತದೆ. ಪ್ಯಾಕೆಟ್ ಮೇಲೆ 400 ಕೆಜಿ ಅಂತ ಇರುತ್ತದೆ, ಸರಿ, ಆದರೆ ಅದು ಕಾಲು ಗಟ್ಟಿ ಕಾಂಕ್ರೀಟಿನಲ್ಲಿ ನಿಂತಾಗ ಮಾತ್ರ. ನಮ್ಮ ಕಡೆ ಬಾತ್‌ರೂಮ್ ಸ್ಲ್ಯಾಬನ್ನು ತಗ್ಗಿಸಿ, ಮೇಲೆ ಇಟ್ಟಿಗೆ ಚೂರು ತುಂಬುತ್ತಾರೆ. ಆ ತುಂಬಿನಲ್ಲಿ ಬೋಲ್ಟ್ ನಿಲ್ಲಲ್ಲ. ಉದ್ದ ಬೋಲ್ಟ್ ಹಾಕಿ ಸ್ಲ್ಯಾಬ್ ಮುಟ್ಟಿಸೋಣ ಅಂದರೆ ವಾಟರ್‌ಪ್ರೂಫಿಂಗ್ ತೂತಾಗಿ ಕೆಳಗಿನ ಸೀಲಿಂಗ್ ಒದ್ದೆ. ನಮ್ಮ ಮೇಸ್ತ್ರಿ ವಾಟರ್‌ಪ್ರೂಫಿಂಗ್‌ಗೆ ಮೊದಲೇ ಸ್ಲ್ಯಾಬಿನಿಂದಲೇ ಎರಡು ಪುಟ್ಟ ಕಾಂಕ್ರೀಟ್ ದಿಂಡು ಎಬ್ಬಿಸಿ, ಅದರ ತಲೆಯ ಮೇಲೆ ಕಾಲು ಕೂರಿಸಿದರು. ಕಾಲು ಯಾವುದರ ಮೇಲೆ ನಿಲ್ಲುತ್ತದೆ? ಫ್ರೇಮ್ ಆರ್ಡರ್ ಮಾಡುವ ಮುಂಚೆ ಕೇಳಬೇಕಾದ ಪ್ರಶ್ನೆ ಇದೇ.

ಮೇಲಿನ ಎರಡು ಕ್ಲಾಂಪ್ ಫ್ರೇಮ್ ಮುಂದಕ್ಕೆ ವಾಲದಂತೆ ಎಳೆದು ಹಿಡಿಯುತ್ತವೆ, ಅಲ್ಲಿನ ಬ್ಲಾಕ್‌ಗಳಿಗೂ ಕಾಂಕ್ರೀಟ್ ತುಂಬಲೇಬೇಕು. ಫ್ರೇಮ್ ಮುಂದೆ ಬೋರ್ಡ್, ಟೈಲ್ಸ್ ಸೇರಿ ಬಾತ್‌ರೂಮ್ ಅರ್ಧ ಅಡಿ ಚಿಕ್ಕದಾಯಿತು. ಖರ್ಚೂ ಜಾಸ್ತಿ.

ಎರಡನ್ನೂ ಒಂದೇ ರೀತಿ ನೋಡಿದೆ. ದಪ್ಪಗಿರುವವರೊಬ್ಬರು ಕೂತಾಗ ಕಮೋಡ್‌ನ ಮೇಲಂಚಿಗೂ ಟೈಲ್ಸಿಗೂ ನಡುವೆ ಕಾಗದದ ಚೂರು ತೂರಿಸಿ ನೋಡಬೇಕು. ಕಮೋಡ್ ವಾಲುವಾಗ ಬೋಲ್ಟ್ ಮೇಲೆ ಬಾಯಿ ಬಿಡುತ್ತದೆ, ತಳದ ಅಂಚು ಟೈಲ್ಸಿಗೆ ಒತ್ತುತ್ತದೆ. ಹಾಗಾಗಿ ಮೇಲೆ ಬಿರುಕು ಬಿಟ್ಟ ವೈಟ್ ಸಿಮೆಂಟ್, ಕೆಳಗೆ ಸೀಳಿದ ಟೈಲ್ಸ್, ಇವೇ ಗುರುತು. ಮಹಡಿಯಲ್ಲಿ ಕಾಗದ ಹೋಗಲೇ ಇಲ್ಲ. ಕೆಳಗೆ ತುದಿ ತುಸು ನುಗ್ಗಿತು, ನಟ್ ಇನ್ನೊಂದು ಸುತ್ತು ಬಿಗಿದ ಮೇಲೆ ನಿಂತಿತು. ಡಕ್ಟ್ ಇದ್ದದ್ದಕ್ಕೆ ಬಚಾವ್.

ಹಾಗಾಗಿ 4 ಇಂಚಿನ ಗೋಡೆಗೆ ಕಮೋಡ್ ಅಂದರೆ ನನ್ನ ವೋಟು ಫ್ರೇಮಿಗೆ. ಬೇಸಿನ್‌ಗೆ ಅಷ್ಟೆಲ್ಲ ಬೇಡ. ಬೋಲ್ಟ್ ಬರುವ ಸಾಲಿನ ಬ್ಲಾಕ್‌ಗಳಿಗೆ ಕಾಂಕ್ರೀಟ್ ತುಂಬಿಸಿ ರ‍್ಯಾಕ್ ಬೋಲ್ಟ್ ಹಾಕಿದರೆ ಸಾಕು. ಟೈಲ್ಸ್ ಹಾಕುವ ಮುಂಚೆ ಆ ಜಾಗದ ಅಳತೆ ಹಾಕಿ ಫೋಟೋ ತೆಗೆದಿಟ್ಟುಕೊಳ್ಳಿ, ಆಮೇಲೆ ಪ್ಲಂಬರ್ ಎಲ್ಲೆಲ್ಲೋ ಕೊರೆಯುವುದು ತಪ್ಪುತ್ತದೆ.