ಮೂವತ್ತು ನಿಮಿಷ ತಡೆದು ಹೋಗುವ ಮೇಲ್: ಮೂರು ವರ್ಷ ಬಳಸಿದ ಮೇಲೆ

ನಾನು ಒಂದು ಪತ್ತಿನ ಸಹಕಾರಿಯ ಪ್ರಧಾನ ಕಚೇರಿಯಲ್ಲಿ ಶಾಖೆಗಳ ಆಡಳಿತವನ್ನು ನೋಡಿಕೊಳ್ಳುತ್ತೇನೆ. ಶಾಖಾ ವ್ಯವಸ್ಥಾಪಕರು ಕಳುಹಿಸುವ ಪ್ರಸ್ತಾವನೆಗಳಿಗೆ ಉತ್ತರ ಬರೆಯುವುದು ನನ್ನ ಕೆಲಸದ ಒಂದು ಭಾಗ, ಮತ್ತು ಆ ಉತ್ತರಗಳಲ್ಲಿ ಹೆಚ್ಚಿನವು 'ಆಗುವುದಿಲ್ಲ' ಎಂದೇ ಇರುತ್ತವೆ. ನಮ್ಮ ಕಚೇರಿಯ ಮೇಲ್ ತಂತ್ರಾಂಶದಲ್ಲಿ, ಕಳುಹಿಸಿದ ಮೇಲ್ ಕೂಡಲೇ ಹೊರಡದೆ ನಾವು ಹೇಳಿದಷ್ಟು ನಿಮಿಷ ಔಟ್‌ಬಾಕ್ಸ್‌ನಲ್ಲಿ ಉಳಿಯುವಂತೆ ಒಂದು ನಿಯಮ ಹಾಕಿಕೊಳ್ಳಬಹುದು. ಈ ಸೌಲಭ್ಯವನ್ನು ನಾನು ಮೂರು ವರ್ಷಗಳಿಂದ ಬಳಸುತ್ತಿರುವುದು ಬಹುಮಟ್ಟಿಗೆ ಒಂದೇ ಕೆಲಸಕ್ಕೆ: ಸಹೋದ್ಯೋಗಿಯ ಪ್ರಸ್ತಾವನೆಯನ್ನು ನಿರಾಕರಿಸುವ ಒರಟು ಪತ್ರವನ್ನು, ಅದು ಅವರ ಕೈ ಸೇರುವ ಮೊದಲು, ಕಾರಣವನ್ನೂ ತೀರ್ಮಾನವನ್ನೂ ಬಿಟ್ಟುಕೊಡದೆ ಮೆತ್ತಗೆ ಮಾಡುವುದಕ್ಕೆ.

ನಿಯಮ ಹಾಕುವ ಕ್ರಮ ಹೆಚ್ಚಿನವರಿಗೆ ಗೊತ್ತಿರುವುದರಿಂದ ಅದನ್ನು ವಿವರಿಸುವುದಿಲ್ಲ. ನಮ್ಮಲ್ಲಿ ಗರಿಷ್ಠ 120 ನಿಮಿಷ ತಡೆಹಿಡಿಯಬಹುದು. ನಾನು 30ಕ್ಕೆ ಇಟ್ಟು, 'ತುರ್ತು' ಎಂದು ಗುರುತು ಹಾಕಿದ ಮೇಲ್‌ಗಳಿಗೆ ವಿನಾಯಿತಿ ಕೊಟ್ಟಿದ್ದೇನೆ. ಜಿಮೇಲ್‌ನಲ್ಲಿ ಕಳುಹಿಸಿದ್ದನ್ನು ಹಿಂದಕ್ಕೆ ಪಡೆಯಲು ಹೆಚ್ಚೆಂದರೆ 30 ಸೆಕೆಂಡು ಸಿಗುತ್ತದೆ. ಲಗತ್ತು ಮರೆತಿದ್ದರೆ ಅಷ್ಟು ಸಾಕು. ಆದರೆ ಸಿಟ್ಟು 30 ಸೆಕೆಂಡಿನಲ್ಲಿ ಇಳಿಯುವುದಿಲ್ಲ.

ಅರ್ಧ ಗಂಟೆ ಏನು ಮಾಡುತ್ತದೆ ಎಂಬುದನ್ನು ಒಂದು ಪತ್ರದ ಮೂಲಕವೇ ಹೇಳುತ್ತೇನೆ. ಸಂತೆ ಊರೊಂದರ ನಮ್ಮ ಶಾಖೆಯ ವ್ಯವಸ್ಥಾಪಕರು ವಯಸ್ಸಿನಲ್ಲೂ ಸೇವೆಯಲ್ಲೂ ನನಗಿಂತ ಹಿರಿಯರು. ಅಲ್ಲಿ ಸಂತೆ ನಡೆಯುವುದು ಭಾನುವಾರ. ಆ ದಿನ ಬೆಳಿಗ್ಗೆ ಮೂರು ಗಂಟೆ ಕಾಲ ಶಾಖೆ ತೆರೆದು ಚಿನ್ನದ ಸಾಲ ಕೊಡಬೇಕೆಂದು ಅವರು ಪ್ರಸ್ತಾವನೆ ಕಳುಹಿಸಿದ್ದರು. ನಾನು ಮೊದಲು ಬರೆದ ಉತ್ತರ ಹೀಗಿತ್ತು:

"ನಿಮ್ಮ ಪ್ರಸ್ತಾವನೆ ನೋಡಿದೆ. ಇದು ಆಗದ ಕೆಲಸ. ಭದ್ರತಾ ಕೊಠಡಿ ತೆರೆಯಲು ಇಬ್ಬರು ಕೀಲಿದಾರರು ಬೇಕೆಂಬ ಮೂಲ ನಿಯಮವನ್ನೇ ನೀವು ಯೋಚಿಸಿಲ್ಲ. ಚಿನ್ನ ಪರೀಕ್ಷಿಸುವ ಅಪ್ರೈಸರ್ ಭಾನುವಾರ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಸಿಬ್ಬಂದಿಗೆ ರಜೆ ಯಾವಾಗ ಕೊಡುತ್ತೀರಿ? ಪ್ರಸ್ತಾವನೆ ತಿರಸ್ಕರಿಸಲಾಗಿದೆ. ಇನ್ನು ಮುಂದೆ ಎಲ್ಲವನ್ನೂ ಪರಿಶೀಲಿಸಿ ಕಳುಹಿಸಿ."

ಇದರ ಪ್ರತಿಯನ್ನು ಉಳಿದ ಎಲ್ಲ ಶಾಖಾ ವ್ಯವಸ್ಥಾಪಕರಿಗೂ ಹಾಕಿದ್ದೆ.

ಕಳುಹಿಸುವ ಗುಂಡಿ ಒತ್ತಿದ ಮೇಲೆ ನಾನು ಪ್ರತಿ ಬಾರಿಯೂ ಮಾಡುವ ಕೆಲಸವೊಂದಿದೆ. ಲ್ಯಾಪ್‌ಟಾಪ್ ತೆರೆದಿಟ್ಟೇ ಕೆಳಗಿಳಿದು ರಸ್ತೆಯಾಚೆ ಕಾಫಿ ಕುಡಿದು, ಬರುವಾಗ ಪೋಸ್ಟ್ ರಿಜಿಸ್ಟರಿಗೆ ಸಹಿ ಹಾಕಿ, ಮೇಜಿಗೆ ಮರಳಿ ಔಟ್‌ಬಾಕ್ಸ್ ತೆರೆಯುತ್ತೇನೆ. ಆಮೇಲೆ ಪತ್ರವನ್ನು ಮೆಲುದನಿಯಲ್ಲಿ ಓದುತ್ತೇನೆ. ಕಣ್ಣಿನಿಂದ ಓದಿದರೆ ನನ್ನ ವಾದ ಕಾಣುತ್ತದೆ, ಬಾಯಲ್ಲಿ ಓದಿದರೆ ನನ್ನ ದನಿ ಕೇಳುತ್ತದೆ. ಅಂದು 'ನೀವು ಯೋಚಿಸಿಲ್ಲ' ಎಂಬಲ್ಲಿಗೆ ಬಂದಾಗ, ಆ ಹಿರಿಯರು ನನ್ನೆದುರು ಕುಳಿತಿದ್ದರೆ ಈ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ ಎಂದು ತಿಳಿಯಿತು. ಅವರ ಟಿಪ್ಪಣಿಯನ್ನು ಮತ್ತೆ ತೆರೆದೆ. ನಾನು ಓದದೆ ಬಿಟ್ಟಿದ್ದ ಎರಡನೆಯ ಪುಟದಲ್ಲಿ, ಅವರು ನಾಲ್ಕು ಭಾನುವಾರ ಮುಚ್ಚಿದ ಶಾಖೆಯ ಬಾಗಿಲಲ್ಲಿ ತಾವೇ ನಿಂತು, ಚಿನ್ನದ ಸಾಲ ವಿಚಾರಿಸಿ ಹಿಂತಿರುಗಿದವರನ್ನು ಎಣಿಸಿ ಬರೆದಿದ್ದರು: ಒಟ್ಟು 23 ಜನ.

ಪತ್ರದಲ್ಲಿ ನೇರವಾಗಿ ಹೇಳಿದ ಕಾರಣಗಳು ಎರಡೇ ಇದ್ದವು, ಕೀಲಿ ಮತ್ತು ಅಪ್ರೈಸರ್. ಉಳಿದದ್ದೆಲ್ಲ ಅವರ ಬಗೆಗಿನ ಮಾತು. ಅಂದಿನಿಂದ ನಾನು ಪ್ರತಿ ವಾಕ್ಯದ ಕರ್ತೃ ಯಾರು ಎಂದು ನೋಡುತ್ತೇನೆ. 'ನೀವು' ಎಂದು ಶುರುವಾಗಿ 'ಇಲ್ಲ' ಎಂದು ಮುಗಿಯುವ ವಾಕ್ಯ ಎಷ್ಟೇ ಗೌರವದ ಬಹುವಚನದಲ್ಲಿದ್ದರೂ ಆರೋಪವೇ. ಅದೇ ಸಂಗತಿಯನ್ನು ಕೀಲಿಯನ್ನೋ ಕೊಠಡಿಯನ್ನೋ ಕರ್ತೃವಾಗಿಸಿ ಹೇಳಿದರೆ ಕಾರಣ ಒಂದಿಷ್ಟೂ ಕುಗ್ಗುವುದಿಲ್ಲ. 'ಎಲ್ಲರಿಗೂ ಗೊತ್ತಿರುವ ವಿಷಯ' ಎಂಬ ಮಾತು ಅವರೊಬ್ಬರಿಗೇ ಗೊತ್ತಿಲ್ಲ ಎನ್ನುತ್ತದೆ. ರಜೆಯ ಪ್ರಶ್ನೆ ಉತ್ತರ ಬಯಸಿ ಕೇಳಿದ್ದಲ್ಲ. ಅದರೊಳಗಿನ ಕಾರಣವನ್ನು ನೇರವಾಗಿ ಹೇಳಬೇಕಿತ್ತು. ಎಲ್ಲಕ್ಕಿಂತ ಹೆಚ್ಚು ನೋಯಿಸುವ ಪದ, ಕಚೇರಿ ಕನ್ನಡದಲ್ಲಿ ನಾವೆಲ್ಲ ಯೋಚಿಸದೆ ಬಳಸುವ 'ತಿರಸ್ಕರಿಸಲಾಗಿದೆ'. ಅರ್ಜಿ ನಮೂನೆಗಳಲ್ಲಿ ಅದು ರೂಢಿಯ ಮಾತಿರಬಹುದು, ಆದರೆ ಜೊತೆಯಲ್ಲಿ ಕೆಲಸ ಮಾಡುವವರಿಗೆ ಬರೆದಾಗ ಅದರಲ್ಲಿ ತಿರಸ್ಕಾರವೂ ಕೇಳಿಸುತ್ತದೆ. 'ಜಾರಿಗೆ ತರುವುದಿಲ್ಲ' ಎಂದರೆ ತೀರ್ಮಾನ ಅಷ್ಟೇ ಗಟ್ಟಿ, ತಿರಸ್ಕಾರವಿಲ್ಲ.

ಆ ಮೇಲ್ ಅನ್ನು ಔಟ್‌ಬಾಕ್ಸ್‌ನಿಂದ ಕರಡಿಗೆ ಎಳೆದು, ಉಳಿದವರಿಗೆ ಹಾಕಿದ್ದ ಪ್ರತಿಯನ್ನು ತೆಗೆದುಹಾಕಿ, ಹೀಗೆ ಬರೆದೆ:

"ಸಂತೆಯ ದಿನ ಚಿನ್ನದ ಸಾಲ ಕೊಡುವ ಕುರಿತ ನಿಮ್ಮ ಟಿಪ್ಪಣಿಯನ್ನು ಪೂರ್ತಿ ಓದಿದ್ದೇನೆ ಸರ್. ಇದನ್ನು ಜಾರಿಗೆ ತರುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಭದ್ರತಾ ಕೊಠಡಿ ತೆರೆಯುವಾಗ ಕೀಲಿದಾರರಿಬ್ಬರೂ ಹಾಜರಿರಬೇಕು. ಕೀಲಿ ಇರುವುದು ನಿಮ್ಮ ಮತ್ತು ಕ್ಯಾಷಿಯರ್ ಬಳಿ ಮಾತ್ರವಾದ್ದರಿಂದ ನಿಮ್ಮಿಬ್ಬರಿಗೂ ವಾರದ ರಜೆಯೇ ಇಲ್ಲದಂತಾಗುತ್ತದೆ. ಮೂರು ಶಾಖೆಗಳಿಗೆ ಅಪ್ರೈಸರ್ ಒಬ್ಬರೇ ಇದ್ದಾರೆ, ಭಾನುವಾರ ಅವರು ಬರುವುದಿಲ್ಲ, ಅವರ ಪರೀಕ್ಷೆಯಿಲ್ಲದೆ ಸಾಲ ಕೊಡುವಂತಿಲ್ಲ. ನೀವು ನಾಲ್ಕು ಭಾನುವಾರ ನಿಂತು ಬರೆದ 23 ಜನರ ಲೆಕ್ಕವನ್ನು ಶನಿವಾರದ ವೇಳೆ ನಿಗದಿಪಡಿಸುವ ಸಭೆಯಲ್ಲಿ ಇಡುತ್ತೇನೆ."

ನಿರಾಕರಣೆ ಎರಡನೆಯ ವಾಕ್ಯದಲ್ಲೇ ಇದೆ ಎಂಬುದನ್ನು ಗಮನಿಸಬೇಕು. ಹೊಗಳಿಕೆಯನ್ನು ಮೊದಲಿಟ್ಟು, 'ಆದರೆ' ಎಂದು ತಿರುಗಿಸಿ, ಕೊನೆಯಲ್ಲಿ ಇಲ್ಲ ಎನ್ನುವುದು ನಮ್ಮಲ್ಲಿ ರೂಢಿ. ಓದುವವರು ಆ 'ಆದರೆ' ಬರುವುದನ್ನೇ ಕಾಯುತ್ತಾರೆ, ಅದು ಬಂದ ಮೇಲೆ ಹೊಗಳಿಕೆಗೆ ಬೆಲೆ ಉಳಿಯುವುದಿಲ್ಲ. ಲೆಕ್ಕದ ಮಾತನ್ನು ಕೊನೆಗೆ ಬರೆದದ್ದು ಸಮಾಧಾನಕ್ಕಲ್ಲ. ಆ ಲೆಕ್ಕ ನನಗೆ ನಿಜಕ್ಕೂ ಬೇಕಿತ್ತು, ಸಭೆಯಲ್ಲಿ ಅದನ್ನು ಇಟ್ಟೆ.

ಮೊದಲ ವರ್ಷ ನನಗೆ ಈ ಸೌಲಭ್ಯದ ಬಗ್ಗೆ ಸಂತೋಷವಷ್ಟೇ ಇತ್ತು. ಎರಡನೆಯ ವರ್ಷ ಇದರ ಇನ್ನೊಂದು ಮುಖ ಕಂಡಿತು, ಮತ್ತು ಇದನ್ನು ಬರೆಯಲು ಅದೇ ಮುಖ್ಯ ಕಾರಣ.

ಔಟ್‌ಬಾಕ್ಸ್‌ನಲ್ಲಿ ಕಾಯುತ್ತಿರುವ ಮೇಲ್ ಅನ್ನು ಒಮ್ಮೆ ತೆರೆದು, ಏನೂ ಬದಲಿಸದೆ ಮುಚ್ಚಿದರೂ, ಅದು ಕಳುಹಿಸುವ ಸ್ಥಿತಿಯಿಂದ ಹೊರಗೆ ಬಂದುಬಿಡುತ್ತದೆ. ಮತ್ತೊಮ್ಮೆ ಕಳುಹಿಸುವ ಗುಂಡಿ ಒತ್ತದಿದ್ದರೆ ಅದು ಅಲ್ಲೇ ಉಳಿಯುತ್ತದೆ. ಗುರುತು ಇಷ್ಟೇ: ಹೊರಡಲು ಸಿದ್ಧವಿರುವ ಮೇಲ್‌ನ ಸಾಲು ಓರೆ ಅಕ್ಷರದಲ್ಲಿರುತ್ತದೆ, ತೆರೆದು ಮುಚ್ಚಿದ್ದು ನೇರ ಅಕ್ಷರಕ್ಕೆ ಬರುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಇದಲ್ಲದೆ ಈ ನಿಯಮ ನಡೆಯುವುದು ನಮ್ಮ ಕಂಪ್ಯೂಟರಿನಲ್ಲಿ. ಅವಧಿ ಮುಗಿಯುವ ಮೊದಲೇ ಲ್ಯಾಪ್‌ಟಾಪ್ ಮುಚ್ಚಿದರೆ ಮೇಲ್ ಮರುದಿನ ತೆರೆಯುವವರೆಗೂ ಕೂತಿರುತ್ತದೆ. ಒಂದು ಶುಕ್ರವಾರ ಸಂಜೆ, ಇನ್ನೊಬ್ಬ ಸಹೋದ್ಯೋಗಿಯ ಪಿಗ್ಮಿ ಸಂಗ್ರಹದ ಪ್ರಸ್ತಾವನೆಗೆ ಬರೆದ ನಿರಾಕರಣೆಯನ್ನು ತೃಪ್ತಿಯಿಂದ ಕೊನೆಯ ಬಾರಿ ತೆರೆದು ಓದಿ ಮುಚ್ಚಿದ್ದೆ. ಸೋಮವಾರದ ಸಭೆಗೆ ಅವರು ಪ್ರಸ್ತಾವನೆಯ ಏಳು ಪ್ರತಿಗಳನ್ನು ಮುದ್ರಿಸಿಕೊಂಡು ಬಂದಿದ್ದರು. ತೀರ್ಮಾನವನ್ನು ಎಲ್ಲರೆದುರು ಬಾಯಲ್ಲಿ ಹೇಳಬೇಕಾಯಿತು. ಅಷ್ಟು ಎಚ್ಚರದಿಂದ ಆರಿಸಿದ ಪದಗಳಲ್ಲಿ ಒಂದೂ ಅವರನ್ನು ತಲುಪಲಿಲ್ಲ, ಆ ಪ್ರತಿಗಳನ್ನು ಅವರು ಮತ್ತೆ ಚೀಲಕ್ಕೆ ಹಾಕಿಕೊಂಡದ್ದನ್ನು ನಾನು ಮರೆತಿಲ್ಲ.

ಇನ್ನೊಂದು ತೊಂದರೆಗೆ ತಂತ್ರಾಂಶ ಹೊಣೆಯಲ್ಲ, ಸಿಕ್ಕ ಸಮಯ ಹೊಣೆ. ಆ ವರ್ಷ ಅವಧಿಯನ್ನು 60 ನಿಮಿಷಕ್ಕೆ ಏರಿಸಿದ್ದೆ, ಒಂದೊಂದು ಪತ್ರವನ್ನು ನಾಲ್ಕೈದು ಬಾರಿ ತಿದ್ದುತ್ತಿದ್ದೆ. ಪ್ರತಿ ತಿದ್ದುವಿಕೆಯಲ್ಲೂ ಪತ್ರ ಮೆತ್ತಗಾಯಿತು, ಕೊನೆಗೆ ತೀರ್ಮಾನವೂ ಮೆತ್ತಗಾಯಿತು. ಒಂದು ಪತ್ರದಲ್ಲಿ 'ಜಾರಿಗೆ ತರುವುದಿಲ್ಲ' ಎಂಬುದು ಮೊದಲು 'ಜಾರಿಗೆ ತರುವುದು ಕಷ್ಟ' ಆಗಿ, ಆಮೇಲೆ 'ಸದ್ಯಕ್ಕೆ ಕಷ್ಟ, ಮುಂದೆ ನೋಡೋಣ' ಆಗಿ ಹೊರಟಿತು. ಎದುರೆದುರು ಮಾತನಾಡುವಾಗ 'ನೋಡೋಣ' ಎಂದರೆ ಇಲ್ಲವೆಂದು ಮುಖ ನೋಡಿಯೇ ತಿಳಿಯುತ್ತದೆ. ಮೇಲ್‌ನಲ್ಲಿ ಮುಖವಿಲ್ಲ. ಆ ಶಾಖೆಯವರು ಮೂರು ತಿಂಗಳು ಕಾದು, 'ಮುಂದೆ ಎಂದಿದ್ದಿರಿ' ಎಂದು ಮತ್ತೆ ಬರೆದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಈಗ ಅವಧಿಯನ್ನು ಮತ್ತೆ 30ಕ್ಕೆ ಇಳಿಸಿದ್ದೇನೆ. ತೀರ್ಮಾನದ ವಾಕ್ಯವನ್ನು ಎಲ್ಲಕ್ಕಿಂತ ಮೊದಲು ಬರೆಯುತ್ತೇನೆ, ಕಾಫಿಯ ನಂತರ ಉಳಿದ ಯಾವ ವಾಕ್ಯವನ್ನಾದರೂ ತಿದ್ದುತ್ತೇನೆ, ಅದೊಂದನ್ನು ಮುಟ್ಟುವುದಿಲ್ಲ. ತಿದ್ದುವುದು ಒಮ್ಮೆ ಮಾತ್ರ. ಕೊನೆಯಲ್ಲಿ ಪತ್ರವನ್ನು ಸ್ವೀಕರಿಸುವವರ ಜಾಗದಲ್ಲಿ ನಿಂತು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ಓದಿದ ಮೇಲೆ ಅವರು ಕೆಲಸ ಮುಂದುವರಿಸುತ್ತಾರೆಯೇ, ನಿಲ್ಲಿಸುತ್ತಾರೆಯೇ? ಯಾಕೆ ಎಂದು ಅವರ ಸಿಬ್ಬಂದಿ ಕೇಳಿದರೆ ಅವರು ಏನು ಹೇಳುತ್ತಾರೆ? ಮೊದಲನೆಯದಕ್ಕೆ 'ನಿಲ್ಲಿಸುತ್ತಾರೆ' ಎಂಬ ಉತ್ತರ ಖಚಿತವಿಲ್ಲದಿದ್ದರೆ ಪತ್ರ ಅತಿಯಾಗಿ ಮೆತ್ತಗಾಗಿದೆ. ಎರಡನೆಯದಕ್ಕೆ 'ಪ್ರಧಾನ ಕಚೇರಿಯವರಿಗೆ ಇಷ್ಟವಿಲ್ಲ' ಎಂಬ ಉತ್ತರ ಬರುವಂತಿದ್ದರೆ ಕಾರಣಗಳು ಎಲ್ಲೋ ಬಿದ್ದುಹೋಗಿವೆ.

ತೆರೆದು ಮುಚ್ಚಿದ ಮೇಲ್ ಸದ್ದಿಲ್ಲದೆ ನಿಂತುಹೋಗುವ ದೋಷ ಇಲ್ಲದಿದ್ದರೆ ಈ ಸೌಲಭ್ಯಕ್ಕೆ ಪೂರ್ತಿ ಅಂಕ ಕೊಡುತ್ತಿದ್ದೆ; ಈಗ ಐದರಲ್ಲಿ ಮೂರೂವರೆ. ಕಚೇರಿಯ ತಂತ್ರಾಂಶದಲ್ಲೇ ಬರುವುದರಿಂದ ಬೇರೆ ಖರ್ಚಿಲ್ಲ. ದಿನಕ್ಕೆ ಐವತ್ತು ಮೇಲ್ ಕಳುಹಿಸುವವರು ಎಲ್ಲ ಮೇಲ್‌ಗಳಿಗೂ ಈ ನಿಯಮ ಹಾಕಿದರೆ ಕೆಲಸ ಕೆಡುತ್ತದೆ. ಅಂಥವರು ಶೀರ್ಷಿಕೆಯಲ್ಲಿ 'ಪ್ರಸ್ತಾವನೆ' ಎಂಬ ಪದವಿರುವ ಮೇಲ್‌ಗಳಿಗೆ ಮಾತ್ರ ಅದು ಅನ್ವಯಿಸುವಂತೆ ಮಾಡಿಕೊಳ್ಳಬಹುದು. ನಾನು ಸಂಜೆ ಲ್ಯಾಪ್‌ಟಾಪ್ ಮುಚ್ಚುವ ಮೊದಲು ಔಟ್‌ಬಾಕ್ಸ್ ಖಾಲಿಯಾಗಿದೆಯೇ ಎಂದು ನೋಡುತ್ತೇನೆ. ಏನಾದರೂ ಉಳಿದಿದ್ದರೆ ಅದು ಹೊರಡುವವರೆಗೂ ಕೂತಿರುತ್ತೇನೆ.